ಯುಗಾದಿಗೆ ಬಂದ ಬಿಳಿ ಸೀರೆ

ಸೀರೆ ಬಂದದ್ದು ಯುಗಾದಿಯ ಹಿಂದಿನ ದಿನ. ಬೀದರ ಪಕ್ಕದ ಕೊಳಾರದ ಬೇಳೆ ಮಿಲ್ಲಿನ ಗೇಟಿನ ಹೊರಗೆ, ಒಂದು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದನ್ನು ಕೌಸಲ್ಯಾಬಾಯಿ ಹೀರಾಬಾಯಿಯ ಕಂಕುಳಿಗೆ ತುರುಕಿದಳು. ಒಂದೂವರೆ ವರ್ಷದಿಂದ ಇಬ್ಬರೂ ಒಂದೇ ಬೆಲ್ಟಿನ ಮುಂದೆ ಮಗ್ಗುಲಲ್ಲಿ ಕೂತು ತೊಗರಿಬೇಳೆಯಿಂದ ಕಲ್ಲು, ಕಪ್ಪು, ಸಿಪ್ಪೆ ಬಿಡದ ಕಾಳು ಆರಿಸುವವರು. ಒಬ್ಬಳ ಎಡಗೈ ಸೋತರೆ ಇನ್ನೊಬ್ಬಳ ಬಲಗೈ ಅಲ್ಲಿಗೂ ಚಾಚಿ ಬರುವಷ್ಟು ಸಲಿಗೆ.

“ಈಗ ಬಿಚ್ಚಬ್ಯಾಡ. ಮನಿಗಿ ಹೋಗಿ ನೋಡು” ಎಂದಳು ಕೌಸಲ್ಯಾ. ಹೀರಾಬಾಯಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಭಾಲ್ಕಿಯ ಬಸ್ಸು ಕಂಡಿತು; ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಡಿದಳು. ತವರೂರು ಭಾತಂಬ್ರಾದಲ್ಲಿ ಬಾಬಾಸಾಹೇಬರ ಜಯಂತಿಯ ತಯಾರಿಗೆಂದು ಒಂದು ವಾರ ರಜೆ ಹಾಕಿದ್ದಳು. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ತಿರುಗಿ ನೋಡಿದಾಗ ಅವಳ ಕಣ್ಣು ಕೆಂಪಗಿದ್ದವು. ಬೇಳೆಯ ಧೂಳಿಗೆ ಮಿಲ್ಲಿನ ಅಷ್ಟೂ ಹೆಂಗಸರ ಕಣ್ಣು ಸಂಜೆ ಐದೂವರೆಗೆ ಕೆಂಪಗೇ ಇರುತ್ತವೆ, ಆ ಮಾತು ಬೇರೆ.

ಮನೆ ಎಂದರೆ ಒಂದು ಕೋಣೆ, ಮುಂದೆ ತಗಡಿನ ಚಪ್ಪರ. ಹೀರಾಬಾಯಿ ಚೀಲ ಬಿಚ್ಚಿದಳು. ಒಳಗೆ ಹಾಲಿನಂಥ ಬಿಳಿ ಸೀರೆ, ಎರಡು ಬೆರಳಗಲದ ನೀಲಿ ಅಂಚು. ನೋಡಿದ ತಕ್ಷಣ ಅವಳಿಗೆ ನಗು ಬಂತು. ಜನವರಿಯಲ್ಲಿ ಕೌಸಲ್ಯಾ ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದ್ದಳು. ಭಾತಂಬ್ರಾದ ಹತ್ತು ಹನ್ನೊಂದು ಹೆಂಗಸರು ಬಿಳಿ ಸೀರೆ ಉಟ್ಟು ಸಾಲಾಗಿ ನಿಂತದ್ದು. “ಕೆರಿಯಾಗ ಬೆಳ್ಳಕ್ಕಿ ನಿಂತಂಗ ಕಾಣ್ತೀರಿ ಅಕ್ಕಾ. ನನಗೂ ಒಂದು ಕೊಡಿಸು, ತುದೀಗ ನಾನೂ ಒಂಟಿಗಾಲ ಮ್ಯಾಲ ನಿಲ್ತೇನಿ” ಎಂದು ಹೀರಾಬಾಯಿ ಬೆಲ್ಟಿನ ಮುಂದೆಯೇ ಒಂದು ಕಾಲೆತ್ತಿ ನಿಂತು ತೋರಿಸಿದ್ದಳು. ಸೂಪರ್‌ವೈಜರ್ ಅಬ್ದುಲ ಮಜೀದ ದೂರದಿಂದ “ಹಾತ್ ಚಲಾವ್, ಮುಹ್ ನಕ್ಕೋ ಚಲಾವ್”, ಕೈ ಓಡಲಿ, ಬಾಯಿ ಬೇಡ, ಎಂದು ಕೂಗಿದ್ದ; ಅವನು ಆಚೆ ತಿರುಗುವ ಮೊದಲೇ ಅವಳು ಅದೇ ಮೂಗುದನಿಯಲ್ಲಿ ಅದನ್ನೇ ಅವನಿಗೆ ಒಪ್ಪಿಸಿದ್ದಳು. ಅಂಥ ಸಾವಿರ ಮಾತಾಡುವವಳು ಹೀರಾಬಾಯಿ. ಅದರಲ್ಲಿ ಒಂದನ್ನು ಹೆಕ್ಕಿ, ಮೂರು ತಿಂಗಳು ಇಟ್ಟುಕೊಂಡಿದ್ದಳಲ್ಲ ಈ ಅಕ್ಕ, ಎಂದು ಸೀರೆಯ ಮಡಿಕೆಯನ್ನು ಒಮ್ಮೆ ಸವರಿದಳು.

ಆ ಸಂತೋಷ ಅವಳ ಬಳಿ ಇದ್ದದ್ದು ಎರಡು ನಿಮಿಷ. ಅಷ್ಟರಲ್ಲಿ ಟ್ಯಾಂಕರಿನ ನೀರು ಹೊತ್ತು ಅತ್ತೆ ಪುತಳಾಬಾಯಿ ಒಳಗೆ ಬಂದಳು.

ಕೊಡ ಇಳಿಸುವುದನ್ನೇ ಮರೆತು ಅವಳು ಸೀರೆ ನೋಡಿದಳು. ಯಾರು ಕೊಟ್ಟರೆಂದು ಕೇಳಿದಳು, ಸೊಸೆ ಹೇಳಿದಳು. ಜಯಂತಿಗೆ ಅವರೆಲ್ಲ ಉಡುತ್ತಾರೆ, ಅದಕ್ಕೇ ಕೊಟ್ಟಿದ್ದಾಳೆ ಎಂದೂ ಹೇಳಿದಳು.

“ಅವರು ಉಡ್ತಾರಂತ ನನಗೂ ಗೊತ್ತದ. ಅವರ ಮದುವಿಗೂ ಬಿಳೀದೇ ಉಡ್ತಾರ, ನೋಡೀನಿ. ನಿನಗ್ಯಾಕ ಕೊಟ್ಟಳು? ವರ್ಷದ ಮೊದಲನೇ ಹಬ್ಬದಾಗ, ಗಂಡ ಇದ್ದಾಕಿಗಿ…”

ಕೊಡದ ನೀರು ತುಳುಕಿ ಪುತಳಾಬಾಯಿಯ ಹೆಗಲು ತೊಯ್ದಿತು. ಆ ಬೇಸಿಗೆಯಲ್ಲಿ ನೀರು ಚೆಲ್ಲಿದ್ದಕ್ಕೆ ಮನೆಯಲ್ಲಿ ಯಾರೂ ಏನೂ ಅನ್ನದ್ದು ಅದೇ ಮೊದಲು.

ಹೀರಾಬಾಯಿಯ ಗಂಡ ಮಡೆಪ್ಪನ ಫೋನು ಬಂದ್ ಆಗಿ ಅಂದಿಗೆ ಇಪ್ಪತ್ತಮೂರು ದಿನ.

ಅವರದು ಔರಾದ ತಾಲೂಕಿನ ಸಂತಪುರದ ಕಡೆಯ ಕುರಿ ಕಾಯುವ ಮನೆತನ. ಎರಡು ವರ್ಷ ಮಳೆ ಕೈಕೊಟ್ಟು ಮೇವೂ ನೀರೂ ಹೋದ ಮೇಲೆ ಮಾವ ಧೊಂಡಿಬಾ ಅರವತ್ತೆರಡು ಕುರಿ ಮಾರಿ, ಕಂಬಳಿ ಒಂದನ್ನು ಉಳಿಸಿಕೊಂಡು, ಹೆಂಡತಿ, ಮಗ, ಸೊಸೆ, ಮೊಮ್ಮಗಳೊಂದಿಗೆ ಬೀದರಕ್ಕೆ ಬಂದ. ಹೀರಾಬಾಯಿ ಮಿಲ್ಲು ಹಿಡಿದಳು. ಮಡೆಪ್ಪ ಸಂಕ್ರಾಂತಿ ಮುಗಿಸಿ ಪುಣೆಗೆ ಹೋದ. ಅಲ್ಲಿ ಕೂಲಿಯವರು ಬೆಳಿಗ್ಗೆ ಬಂದು ನಿಲ್ಲುವ ನಾಕಾ ಇದೆ. ಮೇಸ್ತ್ರಿ ಬಂದು ಬೆರಳು ತೋರಿಸಿದವರು ಟೆಂಪೊ ಹತ್ತಬೇಕು. ಅದೇ ನಾಕಾದಲ್ಲಿ ಕೌಸಲ್ಯಾಳ ತಮ್ಮ ಕಾಶೀರಾಮನೂ ನಿಲ್ಲುತ್ತಿದ್ದ. ಫೆಬ್ರುವರಿಯಲ್ಲಿ ಅವನ ಕಡೆಯಿಂದ ಎರಡು ಸಲ ಸುದ್ದಿ ಬಂದಿತ್ತು: ಮಡೆಪ್ಪಣ್ಣ ಆರಾಮಿದ್ದಾನೆ, ಬಿಸಿಲಿಗೆ ಕರ್ರಗಾಗಿದ್ದಾನೆ. ಮಾರ್ಚಿನ ನಡುವೆ ಮಡೆಪ್ಪನ ಫೋನು ಸುಮ್ಮನಾಯಿತು. ಎಂಟನೆಯ ಇಯತ್ತೆಯ ಮಗಳು ತಾನಿ ದಿನಾ ಒತ್ತಿ ಕಿವಿಗೆ ಹಿಡಿಯುವಳು, ತಾಯಿಯ ಗುಣ, ನಂಬರು ಬಂದ್ ಆಗಿದೆ ಎನ್ನುವ ಒಳಗಿನ ಮರಾಠಿ ಹೆಂಗಸಿನ ದನಿಯನ್ನೇ ತೆಗೆದು ಒಪ್ಪಿಸುವಳು: “ಆಪಣ ಡಾಯಲ್ ಕೇಲೇಲಾ ನಂಬರ್ ಬಂದ ಆಹೇ.” ಮೊದಮೊದಲು ಪುತಳಾಬಾಯಿ, ಮಗನ ಫೋನು ಎತ್ತುವ ಈಕೆ ಯಾರೆಂದು ಕೇಳಿ ಜಗಳ ತೆಗೆದಿದ್ದಳು. ಜಗಳವಾಡುವಷ್ಟು ದಿನ ಧೈರ್ಯವಿತ್ತು. ಆಮೇಲೆ ತಾನಿ ಒಪ್ಪಿಸುವುದನ್ನು ನಿಲ್ಲಿಸಿ ಬರೇ ತಲೆಯಾಡಿಸತೊಡಗಿದಳು.

ಹಬ್ಬದ ದಿನ ಬೇವು ಕಲಸಿದರು. ಹೋಳಿಗೆ ಆದವು. ಊಟಕ್ಕೆ ಕೂತಾಗ ಸೀರೆ ಟ್ರಂಕಿನ ಮೇಲಿತ್ತು. ಎಲ್ಲರೂ ಅದರ ಕಡೆ ಬೆನ್ನು ಮಾಡಲು ನೋಡಿದರು. ಕೋಣೆ ಸಣ್ಣದು, ಹಾಗಾಗಲಿಲ್ಲ.

ಪುತಳಾಬಾಯಿ ಒಂದೊಂದೇ ಪ್ರಶ್ನೆ ಎತ್ತಿದಳು. ಎಷ್ಟು ಹೊತ್ತಿಗೆ ಕೊಟ್ಟಳು? ಎಲ್ಲರ ಮುಂದೆ ಯಾಕೆ ಕೊಡಲಿಲ್ಲ? ಬಿಚ್ಚಬೇಡ ಎಂದು ಯಾಕೆ ಹೇಳಿದಳು? ಹೀರಾಬಾಯಿ ಉತ್ತರ ಕೊಡುತ್ತ ಹೋದಳು. ಒಂದೊಂದಕ್ಕೂ ನೆಟ್ಟಗಿನ ಉತ್ತರವಿತ್ತು. ಎಲ್ಲವನ್ನೂ ಕೂಡಿಸಿ ಇಟ್ಟಾಗ ಮಾತ್ರ ಡೊಂಕಾಗಿ ಕಾಣುತ್ತಿತ್ತು. ಕೈ ಹಿಡಿದದ್ದನ್ನು ಬಾಯಿ ತಪ್ಪಿ ಹೇಳಿದಳು. ಕಣ್ಣು ಕೆಂಪಗಿದ್ದದ್ದನ್ನು ಹೇಳಲಿಲ್ಲ. ಹೇಳದ್ದರಿಂದ ಅದು ಅವಳೊಬ್ಬಳೊಳಗೇ ಉಳಿದು ದೊಡ್ಡದಾಯಿತು.

“ದಿವಾಳಿಗಿ ಏನು ಕೊಟ್ಟಿದ್ದಳು?” ಎಂದ ಧೊಂಡಿಬಾ.

“ಒಂದು ಡಬ್ಬಿ ಚಕ್ಲಿ.”

“ಚಕ್ಲಿಯಿಂದ ಒಮ್ಮೆಗೇ ಸೀರಿಗಿ ಹಾರಿದಳು?”

ತಾನಿಗೆ ಸಿಟ್ಟು ಬಂತು. “ಮುತ್ಯಾ, ಅದು ಸೀರಿ ಅದ. ಅದರಾಗ ಏನೂ ಬರದಿಲ್ಲ, ಓದ್ಲಾಕ.”

“ನಿನ್ನ ಸಾಲಿ ಬುಕ್ಕಿನಾಗ ಇರಲ್ಲ ಇದು” ಎಂದಳು ಪುತಳಾಬಾಯಿ. “ಅಕಿ ತಮ್ಮ ಅಲ್ಲೇ ಇದ್ದಾನ. ಅವರಿಗಿ ಸುದ್ದಿ ಮುಟ್ಟ್ಯಾದ. ಬಾಯಿಲೆ ಹೇಳ್ಲಾಕ ಆಗಿಲ್ಲ, ಕೊಟ್ಟು ಹೋಗ್ಯಾಳ.”

ಹಾಗೆಂದವಳು ಕೌಸಲ್ಯಾಳನ್ನು ಕೆಟ್ಟವಳೆಂದು ತಿಳಿದವಳಲ್ಲ. ಊರಲ್ಲಿದ್ದಾಗ ಆ ಓಣಿಯವರು ಬಂದರೆ ಬೇರೆ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದ ಪುತಳಾಬಾಯಿ, ಬೀದರಕ್ಕೆ ಬಂದ ಮೇಲೆ ಮನೆಯಲ್ಲಿ ಕಪ್ಪುಗಳೇ ನಾಲ್ಕಿದ್ದುದರಿಂದ ಆ ಪದ್ಧತಿಯನ್ನು ಬಿಟ್ಟಿದ್ದಳು. ಬಿಟ್ಟ ಮೇಲೆ ಕೌಸಲ್ಯಾಳ ಮಾತಿನ ರುಚಿಯೂ ಹತ್ತಿತ್ತು. ಒಳ್ಳೆಯವಳು ಆದದ್ದಕ್ಕೇ ಬಾಯಿಬಿಟ್ಟು ಹೇಳಲಾರದೆ ಹೋದಳು ಎಂಬುದು ಅವಳ ತರ್ಕ. ಕೆಟ್ಟವಳಾಗಿದ್ದರೆ ತಳ್ಳಿಹಾಕಬಹುದಿತ್ತು.

ಫೋನ್ ಮಾಡಿ ಕೇಳಿದರಾಯಿತಲ್ಲ ಎಂದಳು ತಾನಿ. ಶನಿವಾರ ಹೀರಾಬಾಯಿ ಫೋನ್ ಮಾಡಿದಳು. ಮೂವರೂ ಸುತ್ತ ಕೂತರು. ಆ ಕಡೆ ಕೌಸಲ್ಯಾ ಎತ್ತಿದಳು; ಹಿಂದೆ ಹಲಿಗೆಯ ಸಪ್ಪಳ, ಹುಡುಗರ ಗದ್ದಲ.

“ಸೀರಿ ಛಲೋ ಅದ?” ಎಂದು ಕೂಗಿದಳು.

“ಛಲೋ ಅದ ಅಕ್ಕಾ.”

“ಮನ್ಯಾಗ ಎಲ್ಲಾರೂ ಆರಾಮ?”

“ಆರಾಮ.”

ಆಮೇಲೆ ಕೌಸಲ್ಯಾ ಹದಿನಾಲ್ಕನೆಯ ತಾರೀಖಿನದು ಏನೋ ಕೇಳಿದಳು, ಹಲಿಗೆಯಲ್ಲಿ ಮುಳುಗಿತು. ನೋಡ್ತೇನಿ ಅಕ್ಕಾ ಎಂದು ಹೀರಾಬಾಯಿ ಇಟ್ಟಳು. ಕೇಳಬೇಕಾದ ಮಾತು ನಾಲಿಗೆಯ ಮೇಲೆಯೇ ಇತ್ತು. ಆದರೆ ಅದನ್ನು ಕೇಳುವುದೆಂದರೆ, ನೀ ಕೊಟ್ಟ ಸೀರೆ ನನ್ನ ಗಂಡ ಸತ್ತದ್ದಕ್ಕೋ ಎಂದು ಕೇಳಿದಂತೆ. ಹೌದು ಅಂದರೆ ಮುಂದಿನ ಮಾತಿಲ್ಲ. ಅಲ್ಲ ಅಂದರೆ, ಇಂಥದ್ದನ್ನು ಹೇಗೆ ಅಂದುಕೊಂಡಿ ಎಂದು ಅವಳು ಕೇಳುತ್ತಾಳೆ, ಅದಕ್ಕೂ ಉತ್ತರವಿಲ್ಲ.

ಮನೆಯವರೆಲ್ಲ ಆರಾಮವೇ ಎಂದು ಯಾಕೆ ಕೇಳಿದಳು, ಎಂದು ಪುತಳಾಬಾಯಿ ಕೇಳಿದಳು. ಜಗತ್ತಿನಲ್ಲಿ ಫೋನು ಎತ್ತಿದವರೆಲ್ಲ ಕೇಳುವ ಮಾತದು ಎಂದು ತಾನಿ ಹೇಳಿದ್ದು ಯಾರಿಗೂ ಮುಟ್ಟಲಿಲ್ಲ.

ಸೋಮವಾರ ಮಿಲ್ಲಿನಲ್ಲಿ ಕೌಸಲ್ಯಾಳ ಜಾಗದಲ್ಲಿ ಅಜೀಜಾ ಬೇಗಂ ಬಂದು ಕೂತಳು. ಐವತ್ತು ದಾಟಿದ ಹೆಂಗಸು, ಮಿಲ್ಲಿನಲ್ಲಿ ಎಲ್ಲರಿಗಿಂತ ಹಳಬಳು. ಹೀರಾಬಾಯಿ ಸುತ್ತಿ ಬಳಸಿ, ಕೌಸಲ್ಯಕ್ಕ ಹಬ್ಬಕ್ಕೆ ನಿಮಗೇನು ಕೊಟ್ಟಳೆಂದು ಕೇಳಿದಳು. ಏನೂ ಇಲ್ಲವೆಂದಳು ಅಜೀಜಾ ಬೇಗಂ. ಹೀರಾಬಾಯಿಯ ಕೈ ನಿಂತಿತು; ಬೆಲ್ಟಿನ ಮೇಲೆ ಎರಡು ಕಲ್ಲು ಪಾರಾಗಿ ಹೋದವು. ಮುದುಕಿ ಅದನ್ನು ಗಮನಿಸಿ, ಬಿಡಿಸಿ ಕೇಳಿದಳು. ಹೀರಾಬಾಯಿ ಎಲ್ಲ ಹೇಳಿದಳು.

“ನನಗ ದಿವಾಳಿಗಿ ಚಕ್ಲಿ ಕೊಡ್ತಾಳ, ಈದಿಗಿ ನಾ ಶೀರಖುರ್ಮಾ ಕೊಡ್ತೇನಿ. ಅಕಿಗಿ ನನ್ನ ಜೋಡಿ ಅಷ್ಟು ಅದ, ನಿನ್ನ ಜೋಡಿ ಇಷ್ಟು ಅದ. ನೀ ಸೀರಿ ಬೇಡಿದ್ದಿ ಅಂತ ನೀನೇ ಹೇಳ್ತಿ, ಅಕಿ ಕೊಟ್ಟಾಳ. ಇದರಾಗ ಮತ್ತೇನು ತೂಗ್ತಿ? ಅಷ್ಟರ ಮ್ಯಾಲ ಸಂಶಯ ಇದ್ರ ಕೊಟ್ಟಾಕಿನ್ನ ಕೇಳು, ನನ್ನ ಯಾಕ ಕೇಳ್ತಿ?”

ಎಷ್ಟು ನೆಟ್ಟಗಿನ ಮಾತು. ಹೀರಾಬಾಯಿ ಅದನ್ನು ಹಾಗೆಯೇ ಮನೆಗೆ ಒಯ್ಯಬೇಕೆಂದು ದಾರಿಯುದ್ದಕ್ಕೂ ಬಾಯಲ್ಲಿ ಆಡಿಕೊಂಡಳು, ಅಜೀಜಾ ಬೇಗಂಳ ತಾಂಬೂಲದ ದನಿಯಲ್ಲೇ. ಮನೆಯಲ್ಲಿ ಹೇಳಿದಾಗ ಪುತಳಾಬಾಯಿ ಅದರಲ್ಲಿ ಒಂದೇ ತುಂಡನ್ನು ಹಿಡಿದುಕೊಂಡಳು: ಉಳಿದವರಿಗೆ ಯಾರಿಗೂ ಕೊಟ್ಟಿಲ್ಲ.

ಅವತ್ತಿನಿಂದ ಮನೆಯ ಕೆಲಸಗಳೇ ಮಾತಾಡತೊಡಗಿದವು. ಬಳೆಗಾರ್ತಿ ಮರಿಯಮಬೀ ಬಾಗಿಲಿಗೆ ಬಂದಾಗ, ಹಬ್ಬಕ್ಕೆ ಸೊಸೆಗೆ ಹಸಿರು ಬಳೆ ತೊಡಿಸೆಂದು ತಾನೇ ಹೇಳಿಕಳಿಸಿದ್ದ ಪುತಳಾಬಾಯಿ, ಮುಂದಿನ ವಾರ ಬಾ ಎಂದಳು. ಕೊಡ ಹೊರುವಾಗ ಹೀರಾಬಾಯಿಯ ಕೈಯ ಒಂದು ಬಳೆ ಒಡೆಯಿತು. ಅತ್ತೆ ಸೊಸೆ ಇಬ್ಬರೂ ಚೂರುಗಳನ್ನು ಒಬ್ಬರಿಗೊಬ್ಬರು ಕಾಣದಂತೆ ಹೆಕ್ಕಿದರು. ಧೊಂಡಿಬಾ ಚಪ್ಪರದಲ್ಲಿ ಕೂತು ರಸ್ತೆಯ ಮೇಲೆ ಹೋಗುವ ಲಾರಿ ಎಣಿಸುತ್ತಿದ್ದ. ಅರವತ್ತೆರಡಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದ.

ಹೀರಾಬಾಯಿ ತನ್ನೊಳಗೆ ವಾದಿಸಿದಳು. ನಾ ಕೇಳಿದ್ದೆ, ಕೊಟ್ಟಳು. ಬಸ್ಸಿತ್ತು, ಓಡಿದಳು. ಧೂಳಿತ್ತು, ಕಣ್ಣು ಕೆಂಪಾದವು. ಮಿಲ್ಲಿನಲ್ಲಿ ಈ ಮೂರೂ ಗಟ್ಟಿಯಾಗಿ ನಿಲ್ಲುತ್ತಿದ್ದವು. ಮನೆಯ ಹೊಸ್ತಿಲು ದಾಟಿ ಅತ್ತೆಯ ಮುಖ ನೋಡಿದರೆ ಮೂರೂ ಮೆತ್ತಗಾಗುತ್ತಿದ್ದವು.

ಪುತಳಾಬಾಯಿ ದಿನಾ ರೊಟ್ಟಿ ಬಡಿಯುವಾಗ ಮಗನ ಹೆಸರಿನದೊಂದು ಹೆಚ್ಚಿಗೆ ಬಡಿಯುತ್ತಿದ್ದಳು. ಅವನು ಹೋದ ದಿನದಿಂದ ಅದು ತಪ್ಪಿರಲಿಲ್ಲ. ಬುಧವಾರ ಸಂಜೆ ಬುಟ್ಟಿಯಲ್ಲಿ ಎಂಟು ಬರಬೇಕಾದಲ್ಲಿ ಏಳು ಬಂದವು. ಜೀವಮಾನವೆಲ್ಲ ತಲೆ ಎಣಿಸಿದ ಮುದುಕನ ಕಣ್ಣು ತಪ್ಪುವುದಿಲ್ಲ. ಧೊಂಡಿಬಾ ಬುಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. ಹಿಟ್ಟು ತೀರಿತ್ತೇ ಎಂದು ಕೇಳಲಿಲ್ಲ. ಡಬ್ಬಿಯಲ್ಲಿ ಹಿಟ್ಟು ಕಾಣುತ್ತಿತ್ತು.

“ನಾಳಿ ಜಯಂತಿ, ಮಿಲ್ ಸೂಟಿ ಅದಲ್ಲ?” ಎಂದ ಸೊಸೆಗೆ. “ಭಾತಂಬ್ರಾಕ್ಕ ಹೋಗೂಣು. ಸೀರಿ ತಗೊ.”

ತಾನಿಯನ್ನು ಅಜ್ಜಿಯ ಬಳಿ ಬಿಟ್ಟು ಇಬ್ಬರೂ ಬೆಳಿಗ್ಗೆ ಬಸ್ಸು ಹತ್ತಿದರು. ಭಾಲ್ಕಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಒಂದು ತಾಸು ಕಾದರು. ನಿಲ್ದಾಣದಲ್ಲಿ ಗಂಟು ಕಟ್ಟಿಕೊಂಡ ಕುಟುಂಬಗಳು ಹೈದರಾಬಾದಿನ, ಮುಂಬಯಿಯ ಗಾಡಿಗೆ ಕೂತಿದ್ದವು. ಧೊಂಡಿಬಾ ಪ್ರತಿಯೊಂದು ಗಂಡಸಿನ ಮುಖವನ್ನೂ ನಿಂತು ನೋಡಿ ಬಂದ. ಸೀರೆಯನ್ನು ತನ್ನ ಟಾವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಹೀರಾಬಾಯಿ ಹಿಡಿದುಕೊಳ್ಳುತ್ತೇನೆಂದರೆ ಕೊಡಲಿಲ್ಲ.

ಭಾತಂಬ್ರಾದ ಆ ಓಣಿಗೆ ಓಣಿಯೇ ನೀಲಿಯಾಗಿತ್ತು. ನೀಲಿ ಝಂಡಾ, ಪಂಚಶೀಲದ ಝಂಡಾಗಳು, ಹುಡುಗರ ಹಣೆಗೆ ನೀಲಿ ಪಟ್ಟಿ, ನಡುವೆ ಮೂರ್ತಿಯ ಮುಂದೆ ಮೇಣಬತ್ತಿಗಳು. ವಿಹಾರದ ಕಟ್ಟೆಯ ಮೇಲೆ ಬಿಳಿ ಸೀರೆಯ ಹೆಂಗಸರು ಫೋಟೋಕ್ಕೆ ಸಾಲುಗಟ್ಟುತ್ತಿದ್ದರು. ಕೌಸಲ್ಯಾ ಇವರನ್ನು ಕಂಡವಳೇ ಸಾಲು ಮುರಿದು ಓಡಿಬಂದಳು. ಅವಳ ಮುಖದಲ್ಲಿದ್ದಷ್ಟು ಸಂತೋಷವನ್ನು ಹೀರಾಬಾಯಿ ಮಿಲ್ಲಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಬಂದ್ಯಾ! ನೋಡ್ತೇನಿ ಅಂದಿದ್ದಿ, ಬರಲ್ಲ ಅಂತ ತಿಳದಿದ್ದೆ. ಉಟಗೊಂಡು ಬರೂದು ಬಿಟ್ಟು ಕಾಕಾನ ಕೈಯಾಗ ಹೊರಿಸ್ಕೊಂಡು ಬಂದೀಯಲ್ಲ. ನಡಿ, ನಮ್ಮ ಮನ್ಯಾಗ ಉಡೂವಂತಿ. ಹನ್ನೊಂದೇ ಮಂದಿ ಆಗೀವಿ, ತುದಿ ಖಾಲಿ ಅದ.”

ಹೀರಾಬಾಯಿಗೆ ಅಲ್ಲಿಗೇ ಎಲ್ಲ ತಿಳಿಯಿತು. ಮಾವನ ತೋಳು ಹಿಡಿದು ಬೇಡ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಧೊಂಡಿಬಾ ಟಾವೆಲು ಬಿಚ್ಚಿದ್ದ. ಸೀರೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

“ತಂಗೀ, ನನ್ನ ಮಗ ಎಂದು ಹೋದ? ಯಾವ ತಾರೀಖಿಗಿ? ಅಷ್ಟು ಹೇಳಿಬಿಡು. ಮಣ್ಣು ಯಾರು ಮಾಡಿದರು?”

ಹಲಿಗೆ ಬಾರಿಸುತ್ತಲೇ ಇತ್ತು. ಕೌಸಲ್ಯಾ ಮೊದಲು ಮುದುಕನನ್ನು ನೋಡಿದಳು, ಆಮೇಲೆ ಸೀರೆಯನ್ನು, ಕೊನೆಗೆ ಹೀರಾಬಾಯಿಯನ್ನು. ಹೀರಾಬಾಯಿ ನೆಲ ನೋಡಿದಳು. ಕೌಸಲ್ಯಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಅವಳ ಮುಖ ತುಂಬಿದ ಬುಟ್ಟಿ ಕೆಳಗಿಟ್ಟಂತೆ ಇಳಿಯಿತು.

ಅವಳು ಅವರನ್ನು ಮನೆಗೆ ಕರೆದೊಯ್ದಳು. ನೀರು ಕೊಟ್ಟಳು. ಕಾಶೀರಾಮನಿಗೆ ಫೋನು ಹಚ್ಚಿ ದನಿ ದೊಡ್ಡದು ಮಾಡಿ ನಡುವೆ ಇಟ್ಟಳು. ಅವನು ಫೆಬ್ರುವರಿ ಕೊನೆಗೇ ಆ ನಾಕಾ ಬಿಟ್ಟು ಊರಾಚೆಯ ಒಂದು ಗೋದಾಮಿನಲ್ಲಿ ಕಾವಲಿಗೆ ನಿಂತಿದ್ದ. ಮಡೆಪ್ಪಣ್ಣನನ್ನು ನೋಡಿ ಒಂದೂವರೆ ತಿಂಗಳಾಯಿತು, ಫೋನು ಬಂದ್ ಆದದ್ದೂ ಗೊತ್ತಿಲ್ಲ ಎಂದ. ಯಾವ ಮೇಸ್ತ್ರಿಯ ಟೆಂಪೊ ಹತ್ತಿದ, ಯಾವ ಊರಿಗೆ ಒಯ್ದರು, ನಾಕಾದಲ್ಲಿ ಯಾರೂ ಬರೆದಿಡುವುದಿಲ್ಲ ಎಂದ. ನಾಳೆಯಿಂದ ಹೋಗಿ ಕೇಳುತ್ತೇನೆ ಕಾಕಾ ಎಂದ.

ಫೋನು ಇಟ್ಟ ಮೇಲೆ ಕೌಸಲ್ಯಾ ತಾನಾಗಿಯೇ ಹೇಳಿದಳು. ಬೀದರದ ಅಂಗಡಿಯಲ್ಲಿ ಸೀರೆ ಹನ್ನೆರಡರ ಕಟ್ಟಿನಲ್ಲಿ ಬರುತ್ತದೆ. ತಾವು ಹನ್ನೊಂದು ಜನ. ಹನ್ನೆರಡನೆಯದನ್ನು ಹಿಂದಿರುಗಿಸಬಹುದಿತ್ತು, ಹೀರಾ ಕೇಳಿದ್ದು ನೆನಪಾಯಿತು, ಇಟ್ಟುಕೊಂಡಳು. ಮಿಲ್ಲಿನೊಳಗೆ ಬಿಚ್ಚಿದರೆ ಉಳಿದವರು ನಮಗ್ಯಾಕಿಲ್ಲ ಎನ್ನುತ್ತಾರೆಂದು ಗೇಟಿನ ಹೊರಗೆ ಕೊಟ್ಟಳು. ಇಷ್ಟನ್ನೂ ಅವಳು ಸಿಟ್ಟಿಲ್ಲದೆ, ಯಾರೋ ಅಧಿಕಾರಿಗೆ ಜವಾಬು ಕೊಡುವವಳಂತೆ ಹೇಳಿದಳು. ಹೀರಾಬಾಯಿಗೆ ಅದೇ ಹೆಚ್ಚು ಚುಚ್ಚಿತು.

ಕೊನೆಗೆ ಅವಳ ಕಡೆ ತಿರುಗಿ ಕೇಳಿದಳು: “ಹೀರಾ, ಅಂಥಾ ಸುದ್ದಿ ನನಗ ಗೊತ್ತಿದ್ರ, ನಾ ನಿನ್ನ ಕೈಯಾಗ ಸೀರಿ ಕೊಟ್ಟು ಬಸ್ ಹತ್ತತಿದ್ನಾ?”

ಹೀರಾಬಾಯಿಗೆ ಹೇಳಲು ಬಹಳವಿತ್ತು. ಮೊದಲ ಎರಡು ನಿಮಿಷ ನಾ ಹಾಗೆ ಅಂದುಕೊಂಡಿರಲಿಲ್ಲ ಎಂದು ಹೇಳಬಹುದಿತ್ತು. ಆ ಎರಡು ನಿಮಿಷವನ್ನು ಒಂದು ವಾರದ ಎದುರು ಹೇಗೆ ಇಡುವುದೆಂದು ತಿಳಿಯಲಿಲ್ಲ.

ಹೊರಗಿನಿಂದ ಫೋಟೋದವನು ಹನ್ನೆರಡನೆಯವರು ಬರ್ತಾರೇನೆಂದು ಕೂಗಿದ. ಇಲ್ಲ, ತೆಗೀರಿ ಎಂದು ಕೌಸಲ್ಯಾ ಹೊರಗೆ ಹೋದಳು. ಮರಳಿ ಬಂದು ಇಬ್ಬರಿಗೂ ಊಟಕ್ಕೆ ಬಡಿಸಿದಳು. ಧೊಂಡಿಬಾ ಉಂಡ, ಹೀರಾಬಾಯಿ ಉಂಡಂತೆ ಮಾಡಿದಳು. ಹೊರಡುವಾಗ ಮುದುಕ ಸೀರೆಯನ್ನು ಜೋಳಿಗೆಯ ಹಾಗೆ ಎದೆಗೆ ಹಿಡಿದು, ಇದನ್ನೇನು ಮಾಡಲಿ ಎಂಬಂತೆ ನಿಂತ. ಕೊಟ್ಟದ್ದನ್ನು ತಾನು ತಿರುಗಿ ತೆಗೆದುಕೊಳ್ಳುವುದಿಲ್ಲ, ಉಟ್ಟರೂ ಸರಿ, ಬಿಟ್ಟರೂ ಸರಿ ಎಂದಳು ಕೌಸಲ್ಯಾ.

ಬೀದರದಲ್ಲಿ ಪುತಳಾಬಾಯಿ ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಮುಂಜಾನೆಯಿಂದ ಒಂದು ತುತ್ತು ಕೂಳೂ ಬಾಯಿಗೆ ಹಾಕಿರಲಿಲ್ಲ ಎಂದು ತಾನಿ ಹೇಳಿದಳು. ಗಂಡ ಹತ್ತಿರ ಬರುವ ತನಕ ತಡೆದಿದ್ದವಳು, ಏನಂದಳೆಂದು ಕೇಳಿದಳು.

“ಅಕಿಗಿ ಏನೂ ಗೊತ್ತಿಲ್ಲ. ತಮ್ಮಗೂ ಗೊತ್ತಿಲ್ಲ.”

“ಮತ್ತ ಸೀರಿ?”

“ಸೀರಿ ಬರೇ ಸೀರಿ.”

ತಾನಿ, ನಾ ಮೊದಲೇ ಹೇಳಿರಲಿಲ್ಲವೇ ಎಂದು ಶುರುಮಾಡಿದಳು. ಮಗ ಬದುಕಿರಬಹುದು ಎಂಬ ಸಂತೋಷ ಅಜ್ಜಿಗೆ ಆದೀತೆಂದು ಕಾದಳು. ಪುತಳಾಬಾಯಿ ಕುಸಿದು ಕೂತಳು. ಒಂದು ವಾರ ಅವಳ ಬಳಿ ಒಂದು ಸುದ್ದಿಯಿತ್ತು. ಕೆಟ್ಟದ್ದೇ ಇರಲಿ, ಎಲ್ಲೋ ಒಬ್ಬರ ಮನೆಯಲ್ಲಿ ಅದು ಇದೆ, ಹೋಗಿ ಬಾಗಿಲು ಬಡಿದರೆ ಸಿಗುತ್ತದೆ ಎಂದಿತ್ತು. ಈಗ ಬಡಿಯಲು ಬಾಗಿಲೇ ಇರಲಿಲ್ಲ.

“ಅಕಿಗರ ಗೊತ್ತಿರಬೇಕಾಗಿತ್ತು” ಎಂದಳು. “ಯಾರಿಗರ ಒಬ್ಬರಿಗಿ ಗೊತ್ತಿರಬೇಕಲ್ಲ.”

ಫೋಟೋ ಹಿಡಿದು ಠಾಣೆಗೆ ಹೋದರು. ಎಲ್ಲಿ ಕಾಣೆಯಾದನೋ ಅಲ್ಲಿಯೇ ಬರೆಸಬೇಕೆಂದು ಪೊಲೀಸರು ಹೇಳಿದರು. ಎಲ್ಲಿ ಕಾಣೆಯಾದನೆಂದು ಗೊತ್ತಿದ್ದರೆ ಕಾಣೆ ಯಾಕಾಗುತ್ತಿದ್ದ ಎಂದು ಧೊಂಡಿಬಾ ಕೇಳಿದ. ಅವರು ಸಿಟ್ಟಾಗಲಿಲ್ಲ, ಅವನಿಗೊಂದು ಕುರ್ಚಿ ಕೊಟ್ಟರು. ಅದಕ್ಕಿಂತ ಹೆಚ್ಚಿಗೆ ಅವರ ಬಳಿಯೂ ಏನೂ ಇರಲಿಲ್ಲ.

ಸೋಮವಾರ ಕೌಸಲ್ಯಾ ಮಿಲ್ಲಿಗೆ ಬಂದು ತನ್ನ ಜಾಗದಲ್ಲೇ ಕೂತಳು. ಮಾತು ಬಿಡಲಿಲ್ಲ, ಮುಖ ತಿರುವಲಿಲ್ಲ. ಬೆಲ್ಟು ಶುರುವಾಗುವ ಮೊದಲು, “ಕಾಶೀರಾಮ ನಿನ್ನೆ ನಾಕಾಕ್ಕ ಹೋಗಿದ್ದ. ಸಿಗಲಿಲ್ಲ” ಎಂದಳು. ಅಷ್ಟೇ. ಮಧ್ಯಾಹ್ನ ಹೀರಾಬಾಯಿ ಧೈರ್ಯ ಮಾಡಿ ಅಬ್ದುಲ ಮಜೀದನ ದನಿ ತೆಗೆದಳು. ಅವನ ಹೊಟ್ಟೆಯ ಉಸಿರನ್ನೂ ಬಿಡದೆ ತೆಗೆದಳು. ಅಜೀಜಾ ಬೇಗಂ ನಕ್ಕು ಕೆಮ್ಮಿದಳು. ಕೌಸಲ್ಯಾಳೂ ನಕ್ಕಳು, ಮನೆಗೆ ಬಂದವರ ಮಗು ಹಾಡಿದಾಗ ನಗುವ ಹಾಗೆ.

ಮರುದಿನವೂ ಅದೇ: ಹೋಗಿದ್ದ, ಸಿಗಲಿಲ್ಲ. ಅದರ ಮರುದಿನವೂ. ರಾತ್ರಿಪಾಳಿ ಮುಗಿಸಿದ ಕಾಶೀರಾಮ ನಿದ್ದೆ ಬಿಟ್ಟು ಎರಡು ಬಸ್ಸು ಬದಲಾಯಿಸಿ ನಾಕಾಕ್ಕೆ ಹೋಗಿ, ಫೋನಿನಲ್ಲಿದ್ದ ಮಡೆಪ್ಪನ ಫೋಟೋ ತೋರಿಸಿ ಬರುತ್ತಿದ್ದ. ಬೇಡ ಅಕ್ಕಾ, ಅವನಿಗೆ ಯಾಕೆ ತ್ರಾಸು ಎಂದು ಹೀರಾಬಾಯಿ ಒಮ್ಮೆ ಅಂದಳು. ಮರುದಿನವೂ ಕೌಸಲ್ಯಾ ಸುದ್ದಿ ತಂದಳು. ಇದು ಗೆಳೆತನವೋ, ತನ್ನ ಮೇಲೆ ಬಂದ ಮಾತನ್ನು ತೊಳೆದುಕೊಳ್ಳುವ ಹಟವೋ, ಹೀರಾಬಾಯಿ ಬಗೆಯಲು ಹೋಗಲಿಲ್ಲ. ಬಗೆದು ನೋಡುವ ಹಕ್ಕನ್ನು ತಾನು ಕಳಕೊಂಡಿದ್ದೇನೆ ಎನಿಸುತ್ತಿತ್ತು. ದಿನಾ ಒಂದು ಮಾತು ಕೊಡುತ್ತಿದ್ದಾಳೆ, ಅವಳು ಕೊಟ್ಟಷ್ಟನ್ನು ತಾನು ತೆಗೆದುಕೊಂಡು ಹೋಗಿ ಅತ್ತೆಗೆ ಮುಟ್ಟಿಸಬೇಕು. ಪುತಳಾಬಾಯಿಯೂ ಸಂಜೆ ಒಂದೇ ಸಲ ಕೇಳುವಳು, ಸೊಸೆ ಒಂದೇ ಸಲ ಹೇಳುವಳು. ಸಿಗಲಿಲ್ಲ ಎಂದರೆ ಏನೂ ಆಗಿಲ್ಲ ಎಂದು. ಆ ಮನೆ ಅದರ ಮೇಲೆ ಇನ್ನೊಂದು ರಾತ್ರಿ ಕಳೆಯುತ್ತಿತ್ತು.

ಮೇ ತಿಂಗಳ ಎರಡನೆಯ ವಾರ. ಟ್ಯಾಂಕರು ಆರು ದಿನಕ್ಕೊಮ್ಮೆ ಆಗಿತ್ತು. ಒಂದು ಬೆಳಿಗ್ಗೆ ಕೌಸಲ್ಯಾ ಹತ್ತು ನಿಮಿಷ ತಡವಾಗಿ ಬಂದಳು. ಬುತ್ತಿ ಗೂಟಕ್ಕೆ ತೂಗುಹಾಕಿದಳು. ತಲೆಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡಳು. ಹೀರಾಬಾಯಿಯ ಮಗ್ಗುಲಲ್ಲಿ ಕೂತಳು.

ಏನೂ ಹೇಳಲಿಲ್ಲ.

ಹೀರಾಬಾಯಿ ಕಾದಳು. ಬಸ್ಸು ತಡವಾಗಿರಬೇಕು. ಕಾಶೀರಾಮನಿಗೆ ಪಾಳಿ ಬದಲಾಗಿರಬೇಕು, ನಿನ್ನೆ ಹೋಗಿರಲಿಕ್ಕಿಲ್ಲ. ಫೋನು ಚಾರ್ಜಾಗಿರಲಿಕ್ಕಿಲ್ಲ, ಓಣಿಯಲ್ಲಿ ಕರೆಂಟಿಲ್ಲ. ಇಪ್ಪತ್ತು ದಿನ ಒಂದೇ ಮಾತು ಹೇಳಿ ಹೇಳಿ ಯಾರಿಗಾದರೂ ಬೇಸರವಾಗುತ್ತದೆ. ಕೌಸಲ್ಯಾಳ ಕಣ್ಣು ಕೆಂಪಗಿದ್ದವು. ಬೆಲ್ಟು ಇನ್ನೂ ಶುರುವಾಗಿರಲಿಲ್ಲ, ಧೂಳೂ ಎದ್ದಿರಲಿಲ್ಲ. ನಿದ್ದೆಯಾಗಿರಲಿಕ್ಕಿಲ್ಲ, ಸೆಖೆ ಬಹಳ.

ಕೊಟ್ಟಾಕಿನ್ನ ಕೇಳು ಎಂದಿದ್ದಳು ಅಜೀಜಾ ಬೇಗಂ. ಕೇಳಿದರೆ ಆಯಿತು. ಒಂದು ಮೊಳದ ದೂರ, ಎರಡು ಮಾತು. ಹೀರಾಬಾಯಿ ಬಾಯಿಗೆ ಕಟ್ಟಿದ ಬಟ್ಟೆ ಕೆಳಗೆಳೆದಳು. ಕೌಸಲ್ಯಾ ತಿರುಗಿ ನೋಡಿದಳು.

“ಅಕ್ಕಾ, ಚಾ ಕುಡದು ಬಂದ್ಯಾ?” ಎಂದಳು ಹೀರಾಬಾಯಿ.

“ಹ್ಞೂಂ” ಎಂದಳು ಕೌಸಲ್ಯಾ.

ಬೆಲ್ಟು ಗಡಗಡ ಎಂದು ಎದ್ದಿತು. ಬೇಳೆ ಹಳದಿಯಾಗಿ ಹರಿದು ಬಂತು. ಇಬ್ಬರೂ ಬಗ್ಗಿ ಕಲ್ಲು ಆರಿಸತೊಡಗಿದರು.